ಆರ್ಡರ್, ಜಿಆರ್‌ಎನ್, ಬಿಲ್ಲು ತಾಳೆ: ಟೆಸ್ಟ್ ಕಾಪಿಯಲ್ಲಿ ಪರೀಕ್ಷೆಯೋ, ಇಡೀ ವರ್ಷದ ಡೇಟಾವೋ?

ಬಳ್ಳಾರಿ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳಲ್ಲಿ ಇಂಟರ್ನಲ್ ಆಡಿಟ್ ಮಾಡುವವರು ಹೆಚ್ಚು ಹೊತ್ತು ಕೂರುವುದು ಕಲ್ಲಿದ್ದಲಿನ ಬಿಲ್ಲುಗಳ ಮುಂದೆ. ಮೊದಲು ಪರ್ಚೇಸ್ ಆರ್ಡರ್ ಆಗುತ್ತದೆ. ಬಂದರಿನಿಂದ ಬಂದ ಲಾರಿಯನ್ನು ಗೇಟಿನ ಕಾಟಾದಲ್ಲಿ ತೂಗಿ ಜಿಆರ್‌ಎನ್, ಅಂದರೆ ಸರಕು ಬಂದು ಸೇರಿದ್ದರ ದಾಖಲೆ ಮಾಡುತ್ತಾರೆ. ಆಮೇಲೆ ಸಪ್ಲೈಯರ್ ಬಿಲ್ಲು ಕಳಿಸುತ್ತಾನೆ. ಮೂರನ್ನೂ ಸಾಫ್ಟ್‌ವೇರೇ ಹೋಲಿಸಿ, ಮಿತಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಪೇಮೆಂಟ್ ತಡೆಯಬೇಕು. ಇದು ನಿಜವಾಗಿಯೂ ನಡೆಯುತ್ತಿದೆಯೇ ಎಂದು ನೋಡಲು ನಾನು ಒಂದೇ ಕಾರ್ಖಾನೆಯಲ್ಲಿ ಮೂರು ದಾರಿ ಹಿಡಿದು ನೋಡಿದ್ದೇನೆ.

ಹಳೆಯ ದಾರಿಯನ್ನು ಬೇಗ ಮುಗಿಸುತ್ತೇನೆ. ಫೈಲಿನಿಂದ ಒಂದಿಷ್ಟು ಬಿಲ್ಲು ತೆಗೆದು, ಆರ್ಡರಿಗೂ ಜಿಆರ್‌ಎನ್‌ಗೂ ಟಿಕ್ ಹಾಕಿಕೊಂಡು ಹೋಗುವುದು. ಎಲ್ಲವೂ ಸರಿ ಬಂದವು, ಬರಲೇಬೇಕು. ಪೇಮೆಂಟ್ ಆದ ಬಿಲ್ಲು ಎಂದರೆ ತಾಳೆ ದಾಟಿ ಬಂದ ಬಿಲ್ಲೇ. ತಡೆಯಬೇಕಾದದ್ದನ್ನು ಸಾಫ್ಟ್‌ವೇರ್ ತಡೆಯುತ್ತದೋ ಇಲ್ಲವೋ ಎನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಆ ಫೈಲಿನಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಬಿಲ್ಲಿಗೆ ಪಿನ್ ಹೊಡೆದ ಕಾಟಾ ಚೀಟಿ ಮಾತ್ರ.

ಎರಡನೆಯದು ಟೆಸ್ಟ್ ಕಾಪಿ, ಅಂದರೆ ಲೈವ್ ಸಾಫ್ಟ್‌ವೇರಿನ ಪ್ರತಿಯಲ್ಲಿ ಬೇಕೆಂದೇ ತಪ್ಪು ಎಂಟ್ರಿ ಹಾಕಿ ನೋಡುವುದು. ಇಲ್ಲಿ ನೂರಾರು ಬಿಲ್ಲು ಬೇಕಿಲ್ಲ. ಪ್ರೋಗ್ರಾಮ್ ಬದಲಾಗದಿದ್ದರೆ ಅದು ಪ್ರತಿ ಸಲವೂ ಒಂದೇ ರೀತಿ ನಡೆಯುತ್ತದೆ, ಹಾಗಾಗಿ ಒಂದೊಂದು ಸನ್ನಿವೇಶಕ್ಕೆ ಒಂದೊಂದು ಎಂಟ್ರಿ ಸಾಕು. ಆದರೆ ಮೊದಲೇ ಎರಡು ವಿಷಯ ಖಚಿತ ಮಾಡಿಕೊಳ್ಳಬೇಕು. ಟೆಸ್ಟ್ ಕಾಪಿಯ ಮಿತಿಗಳು ಲೈವ್‌ನಲ್ಲಿ ಇರುವವೇ ಆಗಿರಬೇಕು, ಎರಡೂ ಸ್ಕ್ರೀನುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಲಾಗಿನ್ ಅಕೌಂಟ್ಸ್ ಗುಮಾಸ್ತರ ದರ್ಜೆಯದ್ದಾಗಿರಬೇಕು. ಅಡ್ಮಿನ್ ಲಾಗಿನ್‌ನಲ್ಲಿ ಹಾಕಿದರೆ ಅದೇ ತಡೆ ಬರೀ ಎಚ್ಚರಿಕೆಯ ಪೆಟ್ಟಿಗೆಯಾಗಿ ಬರುವ ಸಾಫ್ಟ್‌ವೇರುಗಳಿವೆ, ಇದೂ ಅಂಥದ್ದೇ.

ಅಲ್ಲಿ ಮಿತಿ ಶೇ. 2 ಇತ್ತು. 30 ಟನ್ನಿನ ಜಿಆರ್‌ಎನ್ ಮಾಡಿ, ಅದಕ್ಕೆ 30.60 ಟನ್ನಿನ ಬಿಲ್ಲು ಹಾಕಿದೆ, ಹೋಯಿತು. 30.61 ಹಾಕಿದೆ, ತಡೆಯಿತು. ಗಡಿಯ ಮೇಲೊಂದು, ಗಡಿ ದಾಟಿ ಒಂದು, ಹೀಗೆಯೇ ನೋಡಬೇಕು. 40 ಟನ್ ಹಾಕಿ ತಡೆಯಿತು ಎಂದು ಬರೆದುಕೊಂಡರೆ ಮಿತಿ ಶೇ. 2 ಇದೆಯೋ ಶೇ. 20 ಇದೆಯೋ ತಿಳಿಯುವುದಿಲ್ಲ. ಋಣ ಸಂಖ್ಯೆಯ ತೂಕ, ಮುಂದಿನ ತಾರೀಖಿನ ಬಿಲ್ಲು, ಎರಡನ್ನೂ ತೆಗೆದುಕೊಳ್ಳಲಿಲ್ಲ. ಒಂದೇ ಬಿಲ್ ನಂಬರನ್ನು ಎರಡನೇ ಸಲ ಹಾಕಿದಾಗಲೂ ನಿಲ್ಲಿಸಿತು. ಅದೇ ನಂಬರಿನ ಕೊನೆಗೆ ಒಂದು ಸ್ಪೇಸ್ ಕೊಟ್ಟೆ, ಹೊಸ ಬಿಲ್ಲು ಎಂದು ಒಪ್ಪಿಕೊಂಡಿತು.

ಆ ಸ್ಪೇಸ್ ಸಣ್ಣ ವಿಷಯ ಎನ್ನಬಹುದು. ನಂಬರ್ ಬೇರೆಯಾದರೂ ಜಿಆರ್‌ಎನ್ ಒಂದೇ, ಅದರ 30 ಟನ್ ಮೊದಲ ಬಿಲ್ಲಿಗೇ ತೀರಿರುತ್ತದೆ, ಎರಡನೆಯದು ತಾಳೆಯಲ್ಲಿ ಸಿಕ್ಕಿಬೀಳಬೇಕು. ಅದನ್ನೇ ನೋಡೋಣ ಎಂದು ಅದೇ ಜಿಆರ್‌ಎನ್ ಮೇಲೆ ಬೇರೆ ನಂಬರಿನಲ್ಲಿ 20 ಟನ್ನಿನ ಇನ್ನೊಂದು ಬಿಲ್ಲು ಹಾಕಿದೆ. ಅದೂ ಪಾಸಾಯಿತು! ಪ್ರೋಗ್ರಾಮು ಪ್ರತಿ ಬಿಲ್ಲನ್ನೂ ಇಡೀ ಜಿಆರ್‌ಎನ್ ತೂಕದ ಜೊತೆ ಹೋಲಿಸುತ್ತಿತ್ತೇ ಹೊರತು, ಆಗಲೇ ಬಿಲ್ಲಾದ ತೂಕವನ್ನು ಕಳೆಯುತ್ತಿರಲಿಲ್ಲ. ಆಮೇಲೆ ವರ್ಷದ ಡೇಟಾ ನೋಡಿದಾಗ ಹಾಗೆ ಎರಡು ಸಲ ಬಿಲ್ಲಾದ ಜಿಆರ್‌ಎನ್ ಒಂದೂ ಇರಲಿಲ್ಲ. ಇನ್ನೂ ಯಾರೂ ಬಳಸಿಕೊಳ್ಳದ ದೋಷವನ್ನು ಡೇಟಾ ತೋರಿಸಲಾರದು. ಟೆಸ್ಟ್ ಕಾಪಿಯನ್ನು ಬಿಡಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮೂರನೆಯ ದಾರಿ, ಇಡೀ ವರ್ಷದ ಬಿಲ್ಲು ಮತ್ತು ಜಿಆರ್‌ಎನ್ ಸಾಲುಗಳನ್ನು ಎಕ್ಸೆಲ್‌ಗೆ ಇಳಿಸಿಕೊಂಡು ತಾಳೆಯನ್ನು ನಾವೇ ಮತ್ತೆ ಮಾಡುವುದು. ಜಿಆರ್‌ಎನ್ ತೂಕ B ಕಾಲಮ್ಮಿನಲ್ಲಿ, ಬಿಲ್ಲಿನ ತೂಕ C ಕಾಲಮ್ಮಿನಲ್ಲಿ ಇದ್ದರೆ ಇಷ್ಟೇ:

```
=(C2-B2)/B2*100
```

ಶೇ. 2 ದಾಟಿ ಪೇಮೆಂಟ್ ಆದದ್ದು ಯಾವುದೂ ಇರಲಿಲ್ಲ. ಇಲ್ಲಿಗೇ ನಿಲ್ಲಿಸಿದರೆ ಕಂಟ್ರೋಲ್ ಸರಿಯಿದೆ ಎಂದು ಬರೆಯಬಹುದಿತ್ತು. ಆದರೆ ಈ ಶೇಕಡಾವಾರನ್ನು ಕಾಲು ಕಾಲು ಶೇಕಡಾದ ಗುಂಪುಗಳಾಗಿ ಮಾಡಿ, ಸಪ್ಲೈಯರ್ ಪ್ರಕಾರ ಪಿವಟ್ ಹಾಕಿದಾಗ ಬೇರೆಯೇ ಚಿತ್ರ ಬಂತು. ಹೆಚ್ಚಿನ ಸಪ್ಲೈಯರುಗಳ ವ್ಯತ್ಯಾಸ ಸೊನ್ನೆಯ ಆಚೆ ಈಚೆ ಹರಡಿಕೊಂಡಿತ್ತು. ಕಲ್ಲಿದ್ದಲು ದಾರಿಯಲ್ಲಿ ಒಣಗುತ್ತದೆ, ಮಳೆ ಬಿದ್ದರೆ ತೂಕ ಹೆಚ್ಚುತ್ತದೆ, ಹಾಗೆ ಹರಡುವುದು ಸಹಜ. ಒಬ್ಬ ಸಪ್ಲೈಯರಿನ ಲೋಡುಗಳು ಮಾತ್ರ ಶೇ. 1.75ರಿಂದ 2ರ ನಡುವೆಯೇ ಒತ್ತಾಗಿ ಕೂತಿದ್ದವು.

ಒಂದು ಲೋಡಿನ ಲೆಕ್ಕ ನೋಡಿ. ಬಿಲ್ಲು 30 ಟನ್, ಕಾಟಾದಲ್ಲಿ ಬಂದದ್ದು 29.45. ವ್ಯತ್ಯಾಸ 0.55 ಟನ್, ಅಂದರೆ ಶೇ. 1.87. ಸಾಫ್ಟ್‌ವೇರಿನ ಪ್ರಕಾರ ಪಾಸ್. ಟನ್ನಿಗೆ 10,000 ರೂಪಾಯಿ ಎಂದು ಹಿಡಿದರೂ ಲಾರಿಗೆ 5,500 ರೂಪಾಯಿ ಹೆಚ್ಚು ಕೊಟ್ಟ ಹಾಗೆ. ಇಂಥ 200 ಲಾರಿ ಬಂದರೆ 11 ಲಕ್ಷ. ಮಿತಿ ಇಟ್ಟದ್ದು ದಾರಿಯ ಸವಕಳಿಗೆ, ಆದರೆ ಆ ಮಿತಿ ಎಷ್ಟೆಂದು ಹೊರಗಿನವರಿಗೆ ತಿಳಿದಿರುವಂತಿತ್ತು.

ಹಾಗೆಂದು ತಕ್ಷಣ ಕಳ್ಳತನ ಎನ್ನಬಾರದು. ನಮ್ಮ ಕಾಟಾವೇ ಕಡಿಮೆ ತೋರಿಸುತ್ತಿದ್ದರೆ ಎಲ್ಲ ಸಪ್ಲೈಯರುಗಳಿಗೂ ಅದೇ ವ್ಯತ್ಯಾಸ ಕಾಣಬೇಕಿತ್ತು, ಕಾಣಲಿಲ್ಲ. ಬೇರೆ ಬಂದರಿನ ದೂರದ ಪ್ರಯಾಣವಿರಬಹುದೇ ಎಂದು ನೋಡಿದೆ. ಅದೇ ಬಂದರಿನಿಂದ ತರುವ ಇನ್ನೊಬ್ಬರದ್ದು ಅರ್ಧ ಶೇಕಡಾವನ್ನೂ ಮುಟ್ಟುತ್ತಿರಲಿಲ್ಲ.

ಇನ್ನೂ ಒಂದು ಅನುಮಾನ ಉಳಿದಿತ್ತು. ಶೇ. 2ರ ಮೇಲೆ ಒಂದೂ ಲೋಡು ಇಲ್ಲದಿರುವುದೇ ವಿಚಿತ್ರ. ಕಾಟಾ ಕಂಪ್ಯೂಟರಿನಲ್ಲಿ ತೂಕ ಬೇರೆಯಾಗಿಯೇ ಉಳಿದಿರುತ್ತದೆ. ಅದನ್ನು ಲಾರಿ ನಂಬರು, ತಾರೀಖಿನ ಮೇಲೆ ಜಿಆರ್‌ಎನ್ ಜೊತೆ ಜೋಡಿಸಿದೆ. ಕೆಲವು ಲಾರಿಗಳು ಕಾಟಾದಲ್ಲಿ 29.20 ತೂಗಿದ್ದರೂ ಜಿಆರ್‌ಎನ್‌ನಲ್ಲಿ 29.45 ಆಗಿದ್ದವು. ನಿಜವಾದ ವ್ಯತ್ಯಾಸ ಶೇ. 2.74, ತಡೆಯಬೇಕಾದ ಬಿಲ್ಲು. ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲಿ ಎಡಿಟ್ ಲಾಗ್ 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿರುವುದು ಇಲ್ಲಿ ನೆರವಿಗೆ ಬಂತು. ಕೆಲವು ಜಿಆರ್‌ಎನ್‌ಗಳ ತೂಕ ಬಿಲ್ಲು ಬಂದ ದಿನವೇ ತಿದ್ದಿದ್ದು ಅದರಲ್ಲಿತ್ತು. ಸ್ಟೋರಿನವರನ್ನು ಕೇಳಿದರೆ, "ಬಿಲ್ಲು ನಿಂತ್ರ ಸಪ್ಲೈಯರ್ ಮುಂದಿನ ಲೋಡು ಕಳ್ಸಂಗಿಲ್ರೀ ಸರ್, ಅದಕ್ಕ ಸರಿ ಮಾಡೀವ್ರೀ" ಎಂದರು. ಅವರು ಮುಚ್ಚಿಡಲಿಲ್ಲ. ಕಾಟಾದ ತೂಕ ಕೈಯಿಂದ ಟೈಪ್ ಮಾಡುವ ಜಾಗವೇ ಅಲ್ಲಿನ ದುರ್ಬಲ ಜಾಗವಾಗಿತ್ತು. ಟೆಸ್ಟ್ ಕಾಪಿಯಲ್ಲಿ ನಾನೇ 30 ಎಂದು ಟೈಪ್ ಮಾಡಿದಾಗಲೂ ಅದು ಎಲ್ಲಿಂದ ಬಂತು ಎಂದು ಸಾಫ್ಟ್‌ವೇರ್ ಕೇಳಿರಲಿಲ್ಲ.

ಎರಡರಲ್ಲಿ ಒಂದಕ್ಕೇ ಸಮಯವಿದ್ದರೆ ಯಾವುದು? ಹೊಸದಾಗಿ ಹಾಕಿದ ಅಥವಾ ಈಚೆಗೆ ಬದಲಿಸಿದ ಸಾಫ್ಟ್‌ವೇರಿಗೆ ಟೆಸ್ಟ್ ಕಾಪಿ. ಹಲವು ವರ್ಷ ಓಡಿದ, ತೂಕ ಮಾಡಿ ಕೊಳ್ಳುವ ಸರಕಿರುವ ಕಡೆ ಡೇಟಾ, ಅದೂ ಕಾಟಾ ಡೇಟಾ ಸಮೇತ. ಕಾಟಾ ಡೇಟಾ ಕೊಡದಿದ್ದರೆ ಮೂರನೆಯ ದಾರಿಗೆ ಅರ್ಧ ಬೆಲೆಯೂ ಇಲ್ಲ, ತಿದ್ದಿದ ಜಿಆರ್‌ಎನ್ ಜೊತೆ ಬಿಲ್ಲು ಚೆನ್ನಾಗಿಯೇ ತಾಳೆಯಾಗುತ್ತದೆ. ಡೇಟಾ ಸಿಕ್ಕಾಗಲೂ ಒಟ್ಟು ಮೊತ್ತ ಲೆಡ್ಜರಿಗೆ ಹೊಂದುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಆರ್ಡರ್ ಇಲ್ಲದೆ ನೇರ ಖರ್ಚಿಗೆ ಹಾಕಿದ ಬಿಲ್ಲುಗಳು ಲೆಕ್ಕದ ಹೊರಗೇ ಉಳಿದಿರುತ್ತವೆ.

ಆ ಕಾರ್ಖಾನೆಗೆ ನಾನು ಬರೆದುಕೊಟ್ಟದ್ದು ಮೂರು: ಕಾಟಾ ತೂಕ ನೇರವಾಗಿ ಜಿಆರ್‌ಎನ್‌ಗೆ ಇಳಿಯಬೇಕು, ಆಗಲೇ ಬಿಲ್ಲಾದ ತೂಕವನ್ನು ಕಳೆದೇ ತಾಳೆ ನೋಡಬೇಕು, ಲಾರಿಗೆ ಶೇ. 2ರ ಜೊತೆಗೆ ಸಪ್ಲೈಯರಿಗೆ ತಿಂಗಳ ಒಟ್ಟು ವ್ಯತ್ಯಾಸದ ಮೇಲೆ ಶೇ. 0.5ರ ಇನ್ನೊಂದು ಮಿತಿ ಇರಬೇಕು. ಮೊದಲ ಎರಡಕ್ಕೆ ಸಾಫ್ಟ್‌ವೇರಿನವರು ಒಪ್ಪಿದ್ದಾರೆ. ಮೂರನೆಯದಕ್ಕೆ ಖರೀದಿ ವಿಭಾಗದ ಒಪ್ಪಿಗೆ ಇನ್ನೂ ಬರಬೇಕು.