ದಪ್ಪ ರೈಸರ್, ಸಣ್ಣ ರೈಸರ್: 40 ಮೀಟರ್ ಮೇಲಕ್ಕೆ ಆಯಿಲ್ ಹತ್ತಿಸಿದ್ದು ಯಾವುದು?

ನಾನು ನೋಡಿಕೊಳ್ಳುವ ಕಟ್ಟಡದಲ್ಲಿ ಒಂದೇ ಮಾದರಿಯ ಎರಡು ವಿಆರ್‌ಎಫ್ ಸಿಸ್ಟಮ್‌ಗಳಿವೆ, ಅಂದರೆ ಒಂದು ಔಟ್‌ಡೋರ್‌ಗೆ ಹಲವು ಇಂಡೋರ್ ಇರುವ ಎಸಿ. ಎರಡೂ 10 ಎಚ್‌ಪಿ, ಎರಡಕ್ಕೂ ಆರ್‌-410ಎ ಗ್ಯಾಸ್, ಔಟ್‌ಡೋರ್ ಎರಡೂ ತಾರಸಿ ಮೇಲೆ, ನೆಟ್ಟಗೆ ಮೇಲೇರುವ ಪೈಪ್, ಅಂದರೆ ರೈಸರ್, ಎರಡಕ್ಕೂ ಸುಮಾರು 40 ಮೀಟರ್. ವ್ಯತ್ಯಾಸ ಇರುವುದು ಗ್ಯಾಸ್ ಪೈಪಿನಲ್ಲಿ ಮಾತ್ರ. ಒಂದರದ್ದು 28.6 ಮಿ.ಮೀ., ಇನ್ನೊಂದರದ್ದು 34.9. ನನ್ನ ಮತ ಸಣ್ಣದಕ್ಕೇ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ದಪ್ಪ ಪೈಪ್ ಬಂದದ್ದಕ್ಕೂ ಕಾರಣ ಇದೆ. ಕೊನೆಯ ಇಂಡೋರ್‌ವರೆಗಿನ ಸಮಾನ ಉದ್ದ, ಅಂದರೆ ಎಲ್ಬೋ ಮತ್ತು ಬ್ರಾಂಚ್‌ಗಳ ಲೆಕ್ಕವೂ ಸೇರಿದ ಉದ್ದ, 90 ಮೀಟರ್ ದಾಟಿದರೆ ಮುಖ್ಯ ಪೈಪನ್ನು ಒಂದು ಸೈಜ್ ಏರಿಸಿ ಅಂತ ನಮ್ಮ ಮ್ಯಾನುಯಲ್ ಹೇಳುತ್ತದೆ. ಈ ಲೈನ್ ಕಾರಿಡಾರಿನಲ್ಲಿ ಸುತ್ತಿ ಸುತ್ತಿ 94 ಮೀಟರ್ ಆಗಿತ್ತು. ಏರಿಸಬೇಕಿದ್ದದ್ದು 31.8ಕ್ಕೆ. ಅದು ಸಿಗಲಿಲ್ಲ ಅಂತ ಗುತ್ತಿಗೆದಾರರು 34.9 ಎಳೆದರು. ಇನ್ನೊಂದು ಲೈನ್ ನೇರವಾಗಿ ಹೋದದ್ದರಿಂದ 82 ಮೀಟರಿಗೇ ಮುಗಿಯಿತು.

ಮಧ್ಯಾಹ್ನ ಎಲ್ಲ ರೂಮೂ ಓಡುವಾಗ ದಪ್ಪ ಪೈಪೇ ಮುಂದು. ಒತ್ತಡ ಕಡಿಮೆ ಬೀಳುತ್ತದೆ. ನನ್ನ ಲೆಕ್ಕದಲ್ಲಿ 60 ಮೀಟರ್ ಮುಖ್ಯ ಪೈಪಿಗೆ ಆ ಒತ್ತಡದ ನಷ್ಟವನ್ನು ಗ್ಯಾಸ್ ಆವಿಯಾಗುವ ತಾಪಮಾನಕ್ಕೆ ಬದಲಿಸಿದರೆ ಸಣ್ಣದರಲ್ಲಿ ಎರಡು ಡಿಗ್ರಿಯಷ್ಟು, ದಪ್ಪದರಲ್ಲಿ ಒಂದಕ್ಕಿಂತ ಕಡಿಮೆ. ಒಪ್ಪಿಕೊಳ್ಳೋಣ.

ತಲೆನೋವು ಶುರುವಾಗುವುದು ಸಂಜೆ. ಮೂರು ರೂಮು ಮಾತ್ರ ಓಡುವಾಗ ದಪ್ಪ ರೈಸರ್ ಇರುವ ಕಡೆ ಬಂದ್ ಆಗಿರುವ ರೂಮುಗಳಲ್ಲೂ 'ಸುಯ್' ಅನ್ನುವ ಸದ್ದು. ಓಡುತ್ತಿರುವ ರೂಮುಗಳಲ್ಲಿ ಕೆಲವು ನಿಮಿಷ ತಂಪೇ ಬರದು. ಆಮೇಲೆ ಎಲ್ಲ ಸರಿ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕತೆ. ದೂರು ಬಂದಾಗಲೆಲ್ಲ ಗ್ಯಾಸ್ ಲೀಕ್ ಅಂತ ಹುಡುಕಿದ್ದೇ ಬಂತು.

ಅದು ಲೀಕ್ ಅಲ್ಲ, ಆಯಿಲ್ ರಿಟರ್ನ್. ಕಂಪ್ರೆಸರ್‌ನಿಂದ ಗ್ಯಾಸ್ ಜೊತೆ ಸ್ವಲ್ಪ ಆಯಿಲ್ ಯಾವಾಗಲೂ ಹೊರಡುತ್ತದೆ. ಔಟ್‌ಡೋರ್ ಮೇಲಿದ್ದಾಗ ಆ ಆಯಿಲ್ ಪೈಪಿನ ಗೋಡೆಗೆ ತೆಳ್ಳಗೆ ಅಂಟಿಕೊಂಡು, ಗ್ಯಾಸಿನ ಸೆಳೆತಕ್ಕೆ ಮೇಲೆ ಹತ್ತಬೇಕು. ಗ್ಯಾಸ್ ನಿಧಾನವಾದರೆ ಆಯಿಲ್ ಕೆಳಕ್ಕೆ ಜಾರಿ ರೈಸರ್ ಬುಡದಲ್ಲಿ ಕೂರುತ್ತದೆ. ಹಾಗಾಗದಿರಲಿ ಅಂತ ಕಂಟ್ರೋಲರ್ ಆಗಾಗ ಕಂಪ್ರೆಸರ್ ವೇಗ ಏರಿಸಿ, ಎಲ್ಲ ಇಂಡೋರ್‌ಗಳ ವಾಲ್ವ್ ತೆರೆದು, ದ್ರವ ರೆಫ್ರಿಜರೆಂಟ್ ಹರಿಸಿ ಪೈಪ್ ತೊಳೆಯುತ್ತದೆ. ನಮ್ಮ ಯಂತ್ರದಲ್ಲಿ ಕಂಪ್ರೆಸರ್ ನಿಧಾನವಾಗಿ ಓಡಿದ ಹೊತ್ತು ಕೂಡುತ್ತಾ ಹೋದಷ್ಟೂ ಇದು ಬೇಗ ಬರುತ್ತದೆ.

ಎಷ್ಟು ನಿಧಾನವಾದರೆ ಆಯಿಲ್ ಜಾರುತ್ತದೆ? ಅದಕ್ಕೆ ಹಳೆಯದೊಂದು ಸೂತ್ರವಿದೆ:

G = 0.723 × √(ρg × g × D × (ρo − ρg))

G ಅಂದರೆ ಒಂದು ಚದರ ಮೀಟರಿನಲ್ಲಿ ಸೆಕೆಂಡಿಗೆ ಹರಿಯಬೇಕಾದ ಕನಿಷ್ಠ ಕಿಲೋ. D ಪೈಪಿನ ಒಳವ್ಯಾಸ, ρg ಗ್ಯಾಸಿನ ಸಾಂದ್ರತೆ, ρo ಆಯಿಲಿನದ್ದು, ಒಂಟಿ g ಗುರುತ್ವದ ವೇಗೋತ್ಕರ್ಷ 9.81. G ಅನ್ನು ρg ಇಂದ ಭಾಗಿಸಿದರೆ ವೇಗ ಸಿಗುತ್ತದೆ. ಸಾಂದ್ರತೆ ಘನ ಮೀಟರಿಗೆ ಗ್ಯಾಸಿಗೆ 34 ಕಿಲೋ, ಆಯಿಲಿಗೆ ಸುಮಾರು 960 ಹಿಡಿದೆ. 28.6ರ ಪೈಪಿಗೆ ಸೆಕೆಂಡಿಗೆ 1.9 ಮೀಟರ್ ವೇಗ ಸಾಕು. 34.9ಕ್ಕೆ 2.1 ಬೇಕು. ಪೂರ್ತಿ ಲೋಡಿನಲ್ಲಿ ಸಣ್ಣದರಲ್ಲಿ 9 ಮೀಟರ್ ವೇಗ ಇರುತ್ತದೆ, ದಪ್ಪದರಲ್ಲಿ 6 ಮಾತ್ರ. ಅಲ್ಲಿಗೆ ಸಣ್ಣ ಪೈಪ್ ಶೇ. 21ರ ಲೋಡ್‌ವರೆಗೂ ಆಯಿಲ್ ಎಳೆಯುತ್ತದೆ. ದಪ್ಪದ್ದು ಶೇ. 35ಕ್ಕೇ ಕೈಚೆಲ್ಲುತ್ತದೆ.

ಸಂಜೆಯ ಮೂರು ರೂಮು ಸೇರಿದರೆ ಶೇ. 28ರ ಆಸುಪಾಸು. ನೋಡಿ, ಸರಿಯಾಗಿ ಇವೆರಡರ ನಡುವೆ! ದಿನದ ಅರ್ಧ ಹೊತ್ತು ಸಿಸ್ಟಮ್ ಅಲ್ಲೇ ಇರುತ್ತದೆ. ಒಂದೇ ರೂಮು ಓಡಿದರೆ ಸಣ್ಣ ಪೈಪೂ ಸೋಲುತ್ತದೆ, ಅದು ನಿಜ. ಆದರೆ ನಮ್ಮಲ್ಲಿ ಅಂಥ ಹೊತ್ತು ಕಡಿಮೆ.

ರೈಸರ್‌ನಲ್ಲಿ ಆಯಿಲ್ ಟ್ರ್ಯಾಪ್, ಅಂದರೆ ಜಾರಿದ ಆಯಿಲ್ ಹಿಡಿಯುವ ಪೈಪಿನ ಬಾಗು, ಹಾಕಿ ಅಂದವರೂ ಇದ್ದಾರೆ. ಕೆಲವು ಮ್ಯಾನುಯಲ್‌ಗಳು ನಿರ್ದಿಷ್ಟ ಅಂತರಕ್ಕೊಂದು ಬೇಕು ಅನ್ನುತ್ತವೆ, ಕೆಲವು ಬೇಡವೇ ಬೇಡ ಅನ್ನುತ್ತವೆ. ನಮ್ಮದು ಬೇಡ ಅನ್ನುವ ಗುಂಪು. ಶಾಫ್ಟ್ ಮುಚ್ಚಿದ ಮೇಲೆ ಬ್ರೇಜಿಂಗ್ ಮಾಡೋರು ಯಾರು ಸ್ವಾಮಿ?

ಲಿಕ್ವಿಡ್ ಲೈನ್ ದಪ್ಪ ಮಾಡಿದರೆ ಆಯಿಲಿಗೆ ತೊಂದರೆ ಇಲ್ಲ, ದ್ರವದಲ್ಲಿ ಅದು ಕರಗಿಯೇ ಬರುತ್ತದೆ. ಗ್ಯಾಸ್ ಮಾತ್ರ ಜಾಸ್ತಿ ತುಂಬಬೇಕು: 12.7ರಿಂದ 15.88ಕ್ಕೆ ಹೋದರೆ ಮೀಟರಿಗೆ ಸುಮಾರು 60 ಗ್ರಾಂ ಹೆಚ್ಚು.

ಹಾಗಾಗಿ ನನ್ನ ಆಯ್ಕೆ ಸಣ್ಣ ಗ್ಯಾಸ್ ರೈಸರ್. ಪೈಪ್ ಏರಿಸಲು ದುಡ್ಡು ಸುರಿಯುವ ಬದಲು ಕಾರಿಡಾರಿನ ಎರಡು ತಿರುವು ತಪ್ಪಿಸಿ 90ರ ಒಳಗೆ ತರುವುದು ಅಗ್ಗ. ತಿರುವು ತಪ್ಪಿಸಲು ಜಾಗವೇ ಇಲ್ಲ, ಆದರೆ ಲೋಡ್ ಯಾವಾಗಲೂ ಅರ್ಧಕ್ಕಿಂತ ಮೇಲಿರುತ್ತದೆ ಅಂದರೆ ದಪ್ಪದ್ದೇ ಹಾಕಿ. ಆಗಲೂ 31.8 ಸಿಗುವವರೆಗೆ ಕಾಯಿರಿ, 34.9ಕ್ಕೆ ನೆಗೆಯಬೇಡಿ.