ಮೂರು ಕಂಸದ ತ್ರಿಭುಜದ ವಿಸ್ತೀರ್ಣ: ಕಳೆಯೋದಾ, ಕೂಡೋದಾ?

ಟೀಪಾಯಿಗೆ ರೂಲೋ ತ್ರಿಭುಜದ ಆಕಾರದ ಹಲಗೆ ಕೊಯ್ಸಿದ್ದೆ. ಸಮಬಾಹು ತ್ರಿಭುಜದ ಒಂದೊಂದು ಮೂಲೆಯಲ್ಲೂ ಕೈವಾರದ ಮುಳ್ಳೂರಿ, ಎದುರಿನ ಎರಡು ಮೂಲೆಗಳನ್ನು ಸೇರಿಸುವ ಕಂಸ ಎಳೆದರೆ ಬರುವ ಉಬ್ಬಿದ ತ್ರಿಭುಜ ಅದು. ಹೆಸರು ಬಂದಿದ್ದು 19ನೇ ಶತಮಾನದ ಜರ್ಮನ್ ಎಂಜಿನಿಯರ್ ಫ್ರಾಂಟ್ಸ್ ರೂಲೋ ಅವರಿಂದ. ನನ್ನ ಹಲಗೆಯಲ್ಲಿ ಮೂಲೆಯಿಂದ ಮೂಲೆಗೆ 60 ಸೆಂ.ಮೀ. ಮೇಲೆ ಎಪಾಕ್ಸಿ ಹಾಕುವವನು ಚದರಡಿ ಲೆಕ್ಕದಲ್ಲಿ ಕೊಟ್ಟ ಚೀಟಿಯಲ್ಲಿ 4.4 ಚದರಡಿ ಅಂತಿತ್ತು. ಹಲಗೆ ಕೊಯ್ದಿದ್ದೇ 60 ಸೆಂ.ಮೀ. ಚೌಕದಿಂದ, ಅಂದರೆ 3.9 ಚದರಡಿಯಿಂದ! ಕೊಯ್ದ ಮೇಲೆ ಹಲಗೆ ದೊಡ್ಡದಾಗೋದು ಹೇಗೆ?

ಅದೇ ನೆಪದಲ್ಲಿ ಈ ವಿಸ್ತೀರ್ಣ ತೆಗೆಯುವ ದಾರಿಗಳನ್ನೆಲ್ಲ ನಾನೇ ಮಾಡಿ ನೋಡಿದೆ. ನನ್ನ ಓಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡ್ತೀನಿ: ನಡುವಿನ ತ್ರಿಭುಜ ತಗೊಂಡು, ಅದರ ಮೂರು ಉಬ್ಬುಗಳನ್ನು ಕೂಡಿಸೋದು.

ಚೀಟಿಯವನು ಹಿಡಿದಿದ್ದು ಇನ್ನೊಂದು ದಾರಿ. ಪುಸ್ತಕಗಳಲ್ಲೂ ಹೆಚ್ಚಾಗಿ ಕಾಣೋದು ಅದೇ. ಒಂದು ಮೂಲೆಯಿಂದ ನೋಡಿದರೆ ಇಡೀ ತ್ರಿಭುಜ ಮತ್ತು ಎದುರಿನ ಉಬ್ಬು ಸೇರಿ 60 ಡಿಗ್ರಿಯ ತ್ರಿಜ್ಯಾಂತರ ಖಂಡ, ಅಂದರೆ ಪೂರ್ಣ ವೃತ್ತದ ಆರನೇ ಒಂದು ಪಾಲು. 60ರ ತ್ರಿಜ್ಯಕ್ಕೆ ಅದು 1885 ಚದರ ಸೆಂ.ಮೀ. ಮೂರು ಮೂಲೆಯಿಂದ ಮೂರು ಖಂಡ, ಒಟ್ಟು 5655. ಇಲ್ಲೀವರೆಗೆ ಸರಾಗ.

ತಕರಾರು ಶುರುವಾಗೋದು ಕಳೆಯುವಾಗ. ಮೂರೂ ಖಂಡಗಳು ನಡುವಿನ ತ್ರಿಭುಜದ ಮೇಲೆ ಒಂದರ ಮೇಲೊಂದು ಕೂತಿವೆ. ಉಬ್ಬುಗಳು ಒಂದೊಂದೇ ಸಲ ಎಣಿಕೆಗೆ ಬಂದರೆ, ತ್ರಿಭುಜ ಮೂರು ಸಲ ಬಂದಿದೆ. ನಮಗೆ ಬೇಕಾಗಿರೋದು ಒಂದು ಸಲ. ಹಾಗಾಗಿ ಎರಡು ತ್ರಿಭುಜ ಕಳೆಯಬೇಕು. ತ್ರಿಭುಜ 1559, ಎರಡಕ್ಕೆ 3118, ಉಳಿಯೋದು 2537. ಆದರೆ ಕಣ್ಣಿಗೆ ಕಾಣೋದು ಒಂದೇ ತ್ರಿಭುಜ, ಕೈ ಒಂದನ್ನೇ ಕಳೆದು ಸುಮ್ಮನಾಗುತ್ತೆ. ಆಗ 4096 ಬರುತ್ತೆ. ಚದರಡಿಗೆ ತಿರುಗಿಸಿದರೆ ಚೀಟಿಯ ಅದೇ 4.4.

ಇದರ ಉಲ್ಟಾ ಎಡವಟ್ಟೂ ಇದೆ. ‘ಮೂರು ಸಲ ಬಂದಿದೆಯಲ್ಲ’ ಅಂತ ಮೂರನ್ನೂ ಕಳೆದರೆ 978 ಉಳಿಯುತ್ತೆ. ಅದು ಬರೀ ಉಬ್ಬುಗಳ ವಿಸ್ತೀರ್ಣ, ನಡುವೆ ಹಲಗೆಯೇ ಇಲ್ಲ. ಹಿಡಿಯೋದು ಸುಲಭ: ಉತ್ತರ ತ್ರಿಭುಜದ 1559ಕ್ಕಿಂತ ಜಾಸ್ತಿ ಇರಬೇಕು, 60 ಸೆಂ.ಮೀ. ವ್ಯಾಸದ ವೃತ್ತದ 2827ಕ್ಕಿಂತ ಕಡಿಮೆ ಇರಬೇಕು. ಎಲ್ಲಿ ಅಳೆದರೂ ಒಂದೇ ಅಗಲ ಬರುವ ಆಕಾರಗಳಲ್ಲಿ ಅತಿ ಹೆಚ್ಚು ಜಾಗ ವೃತ್ತದ್ದು, ಅತಿ ಕಡಿಮೆ ನಮ್ಮ ಈ ತ್ರಿಭುಜದ್ದು.

ಈಗ ನನ್ನ ದಾರಿ. ಒಂದು ಖಂಡದಿಂದ ಒಂದು ತ್ರಿಭುಜ ತೆಗೆದರೆ ಒಂದು ಉಬ್ಬು, ಅಂದರೆ ವೃತ್ತಖಂಡ: 1885ರಲ್ಲಿ 1559 ಹೋದರೆ 326. ಮೂರಕ್ಕೆ 978, ತ್ರಿಭುಜ ಸೇರಿಸಿದರೆ 2537. ಅಂಕಿಗಳು ಅವೇ, ಆದರೆ ಯಾವುದನ್ನು ಎಷ್ಟು ಸಲ ಎಣಿಸಿದೆ ಅನ್ನೋ ಗೊಂದಲವೇ ಇಲ್ಲ. ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಮೂರು ಗೆರೆ ಎಳೆದರೆ ಕೂಡುವ ನಾಲ್ಕು ತುಂಡೂ ಎದುರಿಗೇ ಇರುತ್ತವೆ. ಬಾಹು a ಆದರೆ ಎರಡೂ ದಾರಿ ಸೇರೋದು ಇಲ್ಲಿಗೇ: (π − √3)a²/2, ಅಂದಾಜು 0.705a².

ಬಡಗಿ ಕಂಸವನ್ನು ಸರಿಯಾಗಿ ಎಳೆದಿದ್ದಾನಾ ಅಂತಲೂ ಇದರಲ್ಲೇ ನೋಡಬಹುದು. ಪೆನ್ಸಿಲ್ ಗೆರೆಯ ನಡುವಿನಿಂದ ಉಬ್ಬಿನ ತುದಿಗೆ 8 ಸೆಂ.ಮೀ. ಇರಬೇಕು. ಕಡಿಮೆ ಬಂದರೆ ಮುಳ್ಳೂರಿದ್ದು ಎದುರಿನ ಮೂಲೆಯಲ್ಲಲ್ಲ, ಇನ್ನೂ ಹಿಂದೆ. ಆಗ ಉಬ್ಬಿನ ಲೆಕ್ಕ ಮಾತ್ರ ಬದಲಾಗುತ್ತೆ, ತ್ರಿಭುಜ ಹಾಗೇ ಇರುತ್ತೆ. ಐದು ಮೂಲೆಯ ಇಂಥದ್ದೇ ಹಲಗೆಗೂ ಪಂಚಭುಜ ಮತ್ತು ಐದು ಉಬ್ಬು ಅಂತ ಮುಂದುವರಿಯಬಹುದು. ಕಳೆಯುವ ದಾರಿಯಲ್ಲಿ ಅಲ್ಲಿ ಯಾವ ತುಂಡು ಎಷ್ಟು ಸಲ ಬಂತು ಅಂತ ಹುಡುಕೋದೇ ಕೆಲಸ. ಉಬ್ಬಿಗೆ a²(θ − sin θ)/2 ಸೂತ್ರ ಬಳಸುವವರು θ ಜಾಗದಲ್ಲಿ 60 ಅಂತ ಹಾಕಬಾರದು, π/3 ಹಾಕಬೇಕು. ನನ್ನ ದಾರಿಯಲ್ಲಿರುವ ಮುಳ್ಳು ಅದೊಂದೇ.

ಅನುಕಲನದಲ್ಲೂ ಅದೇ ಉತ್ತರ. ಆದರೆ ಟೀಪಾಯಿಗೆ ಅಷ್ಟು ಬೇಡ.

ರಟ್ಟು ಕತ್ತರಿಸಿ ತೂಗುವ ದಾರಿ ನನಗೆ ಇಷ್ಟವಾಯ್ತು. ಚೌಕದ ರಟ್ಟು ತೂಗಿ, ಅದರಲ್ಲೇ ಆಕಾರ ಕತ್ತರಿಸಿ ಮತ್ತೆ ತೂಗಿದರೆ ನೂರಕ್ಕೆ ಎಪ್ಪತ್ತರ ಆಸುಪಾಸು ಉಳಿಯಬೇಕು. ಒಂದು ಗ್ರಾಂಗಿಂತ ಸೂಕ್ಷ್ಮ ತೋರಿಸದ ಅಡುಗೆಮನೆ ತಕ್ಕಡಿಗೆ ತೆಳು ಡ್ರಾಯಿಂಗ್ ಶೀಟು ಸಾಲದು, ದಪ್ಪ ರಟ್ಟೇ ಬೇಕು.

ಗಣಿತ ಪರೀಕ್ಷೆಗೆ ಕೂರುವವರು ಕಳೆಯುವ ದಾರಿ ಹಿಡಿದರೆ ಒಂದು ಸಾಲು ಉಳಿಯುತ್ತೆ, ನಿಜ. ನಾನು ಹಲಗೆ ಮುಂದಿಟ್ಟುಕೊಂಡು ಚೌಕಾಶಿ ಮಾಡುವವನು. ನಾಲ್ಕು ತುಂಡು ಬೆರಳಿಟ್ಟು ತೋರಿಸಿದ ಮೇಲೆ 2.73 ಚದರಡಿಗೆ ಹೊಸ ಚೀಟಿ ಬರೆಸಿಕೊಂಡೆ.