ದರಪಟ್ಟಿಯ ಹೊಸ ನಮೂನೆ: ಪಿಡಿಎಫ್, ಗೂಗಲ್ ಫಾರ್ಮ್, ಎಕ್ಸೆಲ್ – ಯಾವ ಮೇಲ್‌ಗೆ ಕೊಟೇಶನ್ ಸರಿಯಾಗಿ ವಾಪಸ್ ಬರುತ್ತದೆ?

ಮಳೆಗಾಲದ ಮುಂಚೆ ಅಡಿಕೆಗೆ ಬೋರ್ಡೋ ಹೊಡೆಯಲು ಮೈಲುತುತ್ತ, ಸುಣ್ಣ, ಟಾರ್ಪಾಲು, ಪೈಪು ಎಲ್ಲ ಒಟ್ಟಿಗೆ ಖರೀದಿಸುವ ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಗೋಡೌನ್‌ಗಳಿಗೆ ಏಪ್ರಿಲ್ ಎಂದರೆ ಕೊಟೇಶನ್ ತಿಂಗಳು. ದರಪಟ್ಟಿಯ ನಮೂನೆ ಬದಲಾಯಿಸಬೇಕಾದ ಕಾರಣ ಒಂದೇ: ಹಳೆಯದರಲ್ಲಿ ಎರಡು ರೇಟುಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಆಗುವುದಿಲ್ಲ.

ಉದಾಹರಣೆಗೆ ಮೈಲುತುತ್ತವನ್ನೇ ತೆಗೆದುಕೊಳ್ಳಿ. ಒಬ್ಬರು ಕೆಜಿಗೆ ₹295 ಎಂದು ಬರೆದಿದ್ದಾರೆ. ಜಿಎಸ್‌ಟಿ ಸೇರಿ, ಗೋಡೌನ್‌ಗೆ ತಲುಪಿಸಿ. ಇನ್ನೊಬ್ಬರದು 50 ಕೆಜಿ ಚೀಲಕ್ಕೆ ₹12,000, ಜಿಎಸ್‌ಟಿ ಬೇರೆ, ಲಾರಿ ಬಾಡಿಗೆ ಚೀಲಕ್ಕೆ ₹300. ಕಣ್ಣಿಗೆ ಬೀಳುವುದು 295 ಮತ್ತು 240. ವ್ಯತ್ಯಾಸ ಭಾರೀ ಅನಿಸುತ್ತದೆ. ಮೊದಲನೆಯದರಿಂದ 18% ತೆರಿಗೆ ಬಿಡಿಸಿದರೆ 250. ಎರಡನೆಯದಕ್ಕೆ ಬಾಡಿಗೆ ಸೇರಿಸಿದರೆ 246. ನಿಜವಾದ ಅಂತರ ಕೆಜಿಗೆ 4 ರೂಪಾಯಿ ಮಾತ್ರ. ಸರಬರಾಜುದಾರರು ಬಾಡಿಗೆಯನ್ನು ತಮ್ಮ ಬಿಲ್ಲಿನಲ್ಲೇ ಹಾಕಿದರೆ ಅದಕ್ಕೂ ಸರಕಿನ ದರದಲ್ಲೇ ತೆರಿಗೆ ಬೀಳುತ್ತದೆ. ಹಾಗಾಗಿ ಬಾಡಿಗೆಯನ್ನು ಮೂಲ ದರದ ಜೊತೆಗೇ ಕೂಡಿಸಿ ನೋಡುವುದು ಸರಿ. ಹೊಸ ನಮೂನೆಯಲ್ಲಿ ಮುಖ್ಯವಾಗಿ ಬೇಕಾದ್ದು ಈ ಕಲಂ: ಒಂದು ಕೆಜಿಗೆ, ಗೋಡೌನ್ ತಲುಪಿದಂತೆ, ಜಿಎಸ್‌ಟಿ ಬಿಟ್ಟು. ಜಿಎಸ್‌ಟಿ ಶೇಕಡಾ ಎಷ್ಟು, ದರ ಯಾವ ದಿನಾಂಕದವರೆಗೆ, ಚೀಲ ಎಷ್ಟು ಕೆಜಿಯದು ಎಂಬುದು ಪಕ್ಕದ ಕಲಂಗಳಲ್ಲಿ ಬರಲಿ.

ಇದನ್ನು ಸರಬರಾಜುದಾರರಿಗೆ ತಿಳಿಸಿ ಮತ್ತೆ ಕೊಟೇಶನ್ ತರಿಸುವುದಕ್ಕೆ ಮೂರು ರೀತಿಯ ಮೇಲ್‌ಗಳನ್ನು ಬಳಸಿ ನೋಡಿದ್ದೇವೆ.

ಪಿಡಿಎಫ್ ಮಾದರಿ ಲಗತ್ತಿಸಿದ ಮೇಲ್. ಕಳಿಸುವವರಿಗೆ ಇದಕ್ಕಿಂತ ಸುಲಭದ್ದಿಲ್ಲ. ಫೋನಿನಲ್ಲೂ ತೆರೆಯುತ್ತದೆ, ಪ್ರಿಂಟ್ ತೆಗೆದು ಸೀಲು ಹಾಕಿ ಕಳಿಸಬಹುದು. ತೊಂದರೆ ಎಲ್ಲ ವಾಪಸ್ ಬರುವಾಗ. ಮಾದರಿಯನ್ನು ನೋಡಿಯೂ ಹೆಚ್ಚಿನವರು ತಮ್ಮ ಲೆಟರ್‌ಹೆಡ್‌ನಲ್ಲಿ, ತಮ್ಮದೇ ಕ್ರಮದಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ಐಟಂಗಳ ಸಾಲು ಹಿಂದೆಮುಂದೆ ಆಗಿರುತ್ತದೆ, "ಜಿಎಸ್‌ಟಿ ಎಕ್ಸ್‌ಟ್ರಾ" ಎಂಬುದು ಕೆಳಗೆ ಸಣ್ಣಕ್ಷರದಲ್ಲಿ ಕುಳಿತಿರುತ್ತದೆ. ಎಲ್ಲವನ್ನೂ ಕೂತು ಮತ್ತೆ ಟೈಪ್ ಮಾಡಬೇಕು. ನಮೂನೆ ಬದಲಾಯಿಸಿದ ಉದ್ದೇಶವೇ ಅಲ್ಲಿಗೆ ಮುಗಿಯಿತು. ಸುಣ್ಣ ಒಂದನ್ನೇ ಕೊಡುವ ಊರಿನ ವ್ಯಾಪಾರಿಗೆ ಇದು ಸಾಕು, ಅಷ್ಟೇ.

ಗೂಗಲ್ ಫಾರ್ಮ್ ಲಿಂಕ್. ಅಂಕಿ ಬಿಟ್ಟು ಬೇರೇನೂ ತುಂಬಲಾಗದಂತೆ ಕಟ್ಟಬಹುದು ಎಂಬುದು ಇದರ ದೊಡ್ಡ ಗುಣ. ಆದರೆ 14 ಐಟಂ, ಪ್ರತಿಯೊಂದಕ್ಕೂ ಐದು ಕಲಂ ಎಂದರೆ 70 ಉತ್ತರ. ನಡುವೆ ಫೋನ್ ಬಂದರೆ ಅರ್ಧಕ್ಕೇ ಬಿಡುತ್ತಾರೆ. ಸೀಲು ಹಾಕಿದ ಪ್ರತಿಯನ್ನು ಅಪ್‌ಲೋಡ್ ಮಾಡಿ ಎಂದರೆ ಗೂಗಲ್ ಖಾತೆಯಿಂದ ಸೈನ್ ಇನ್ ಆಗಲೇಬೇಕು. ಸ್ವಂತ ಡೊಮೈನಿನ ಮೇಲ್ ಇಟ್ಟುಕೊಂಡವರು ಅಲ್ಲೇ ನಿಲ್ಲುತ್ತಾರೆ. ಇನ್ನೊಂದು, ರೇಟು ತುಂಬುವವರು ಗುಮಾಸ್ತರು, ಒಪ್ಪುವವರು ಸಾಹುಕಾರರು. ಕಳಿಸುವ ಮುಂಚೆ ಅವರಿಗೆ ತೋರಿಸಲು ಕೈಯಲ್ಲಿ ಒಂದು ಕಾಗದ ಬೇಕು, ಫಾರ್ಮ್‌ನಲ್ಲಿ ಅದು ಸಿಗುವುದಿಲ್ಲ. ಲಾರಿ ಬಾಡಿಗೆಯಂಥ ಮೂರು-ನಾಲ್ಕು ರೇಟಿಗಾದರೆ ಫಾರ್ಮ್ ಚೆನ್ನ. ಇನ್ನು ಫಾರ್ಮ್ ಬದಲು ಒಂದೇ ಗೂಗಲ್ ಶೀಟನ್ನು ಎಲ್ಲರಿಗೂ ಹಂಚುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ, ಒಬ್ಬರ ರೇಟು ಇನ್ನೊಬ್ಬರಿಗೆ ಕಾಣುತ್ತದೆ.

ಐಟಂ ತುಂಬಿಟ್ಟ ಎಕ್ಸೆಲ್. ನಮ್ಮ ಮತ ಇದಕ್ಕೇ, ಆದರೆ ಇದನ್ನು ಕಟ್ಟುವುದರಲ್ಲಿ ಎಚ್ಚರ ಬೇಕು. ಐಟಂ ಹೆಸರು ಮತ್ತು ಅಳತೆಯ ಕಲಂಗಳನ್ನು ಲಾಕ್ ಮಾಡಿ, ತುಂಬಬೇಕಾದ ಮನೆಗಳಿಗೆ ಮಾತ್ರ ಹಳದಿ ಬಣ್ಣ ಕೊಟ್ಟು ಬಿಡಿ. ದರದ ಮನೆಗೆ ಡೇಟಾ ವ್ಯಾಲಿಡೇಶನ್‌ನಲ್ಲಿ ಅಂಕಿ ಮಾತ್ರ ಎಂದು ಹಾಕಿ. ನಮ್ಮವರಿಗೆ "246/-" ಎಂದು ಬರೆಯುವ ರೂಢಿ ಬಿಡುವುದಿಲ್ಲ. ಎಕ್ಸೆಲ್‌ಗೆ ಅದು ಅಂಕಿಯಲ್ಲ, ಬರಹ. ಜಿಎಸ್‌ಟಿಗೆ 0, 5, 18 ಹೀಗೆ ಆಯ್ಕೆಪಟ್ಟಿ ಕೊಡಿ. ಕೊನೆಯ ಕಲಂನಲ್ಲಿ ತೆರಿಗೆ ಸೇರಿದ ದರ ತಾನೇ ಬರಲಿ:

```
=ROUND(F5*(1+G5/100),2)
```

F5ನಲ್ಲಿ 246, G5ನಲ್ಲಿ 18 ಇದ್ದರೆ 290.28 ಬರಬೇಕು. 246.44 ಎಂದು ಬಂದಿದ್ದರೆ ಜಿಎಸ್‌ಟಿ ಮನೆಯಲ್ಲಿ "18%" ಕೂತಿದೆ. ಎಕ್ಸೆಲ್ ಅದನ್ನು 0.18 ಎಂದು ಲೆಕ್ಕ ಹಿಡಿಯುತ್ತದೆ. `#VALUE!` ಕಂಡರೆ ದರದ ಜೊತೆ "/-" ಅಥವಾ "+ ಜಿಎಸ್‌ಟಿ" ಸೇರಿಕೊಂಡಿದೆ. ವ್ಯಾಲಿಡೇಶನ್ ಇದ್ದೂ ಇವು ಹೇಗೆ ಒಳಬರುತ್ತವೆ ಎಂದರೆ, ಬೇರೆ ಶೀಟಿನಿಂದ ಕಾಪಿ ಮಾಡಿ ಪೇಸ್ಟ್ ಮಾಡಿದಾಗ ಎಕ್ಸೆಲ್ ತಡೆಯುವುದಿಲ್ಲ. ಆದ್ದರಿಂದ ಬಂದ ಫೈಲುಗಳಲ್ಲಿ ಮೊದಲು ನೋಡಬೇಕಾದ್ದು ಈ ಕೊನೆಯ ಕಲಂ.

ಮೇಲ್‌ನಿಂದ ತೆರೆದ ಎಕ್ಸೆಲ್ ಫೈಲಿನ ಮೇಲ್ಗಡೆ ಹಳದಿ ಪಟ್ಟಿಯಲ್ಲಿ `Enable Editing` ಎಂದು ಬರುತ್ತದೆ. ಅದನ್ನು ಒತ್ತದೆ "ನಿಮ್ಮ ಫೈಲು ಲಾಕ್ ಆಗಿದೆ, ತುಂಬಕ್ಕೆ ಆಗ್ತಿಲ್ಲ" ಎಂದು ಫೋನ್ ಮಾಡುವವರು ಬಹಳ. ಮೇಲ್‌ನಲ್ಲೇ ಒಂದು ಸಾಲು ಬರೆದರೆ ಈ ಫೋನುಗಳು ನಿಲ್ಲುತ್ತವೆ.

ಲಗತ್ತು ಯಾವುದೇ ಇರಲಿ, ಮೇಲ್‌ನ ಮಾತು ಕೆಟ್ಟರೆ ಕೆಲಸ ಕೆಡುತ್ತದೆ. "ಹೊಸ ಕೊಟೇಶನ್ ಕಳಿಸಿ" ಎಂದು ಬರೆದರೆ ರೇಟು ಏರಿಸಲು ಕರೆದಂತೆಯೇ. ನಮೂನೆ ಬದಲಾಗಿದೆ, ದರ ಕೇಳುತ್ತಿಲ್ಲ ಎಂಬುದು ಎರಡನೇ ಸಾಲಿನಲ್ಲೇ ಬರಬೇಕು. ಹಳೆಯ ಆರ್ಡರ್‌ಗಳ ಗತಿ ಏನು ಎಂಬುದೂ ಇರಬೇಕು, ಇಲ್ಲದಿದ್ದರೆ ದಾರಿಯಲ್ಲಿರುವ ಲೋಡನ್ನೂ ತಡೆದು ಕೇಳುತ್ತಾರೆ. ನಾವು ಉಳಿಸಿಕೊಂಡಿರುವ ಕರಡು ಇದು:

> ವಿಷಯ: ದರಪಟ್ಟಿಯ ಹೊಸ ನಮೂನೆ – ಕೊಟೇಶನ್ ಮರುಸಲ್ಲಿಕೆ – ಏಪ್ರಿಲ್ 15, ಸಂಜೆ 5ರೊಳಗೆ
>
> ಮಾನ್ಯರೇ,
>
> ನಮ್ಮ ದರಪಟ್ಟಿಯ ನಮೂನೆ ಬದಲಾಗಿದೆ. ಇದು ದರ ಪರಿಷ್ಕರಣೆಯಲ್ಲ. ನೀವು ಈಗಾಗಲೇ ಕೊಟ್ಟಿರುವ ದರಗಳನ್ನೇ ಲಗತ್ತಿಸಿದ ಎಕ್ಸೆಲ್‌ನ ಹಳದಿ ಮನೆಗಳಲ್ಲಿ ತುಂಬಿ, ಇದೇ ಮೇಲ್‌ಗೆ ಉತ್ತರವಾಗಿ ಕಳಿಸಿ. ಯಾವುದಾದರೂ ದರ ಬದಲಾಗಿದ್ದರೆ ಷರಾ ಕಲಂನಲ್ಲಿ ಕಾರಣ ಬರೆಯಿರಿ.
>
> ದರವು ಗೋಡೌನ್ ತಲುಪಿದಂತೆ, ಬಾಡಿಗೆ ಸೇರಿ, ಜಿಎಸ್‌ಟಿ ಬಿಟ್ಟು ಇರಲಿ. ಅಂಕಿ ಮಾತ್ರ ಬರೆಯಿರಿ. ಫೈಲು ತುಂಬಲು ಆಗದಿದ್ದರೆ ಮೇಲೆ ಕಾಣುವ Enable Editing ಒತ್ತಿ.
>
> ತುಂಬಿದ ಎಕ್ಸೆಲ್ ಜೊತೆಗೆ ಅದರ ಪ್ರಿಂಟ್‌ಗೆ ಸಹಿ, ಸೀಲು ಹಾಕಿದ ಪ್ರತಿಯನ್ನೂ ಕಳಿಸಿ. ಎರಡರಲ್ಲಿ ವ್ಯತ್ಯಾಸವಿದ್ದರೆ ಸಹಿ ಇರುವ ಪ್ರತಿಯೇ ಅಂತಿಮ.
>
> ಈಗಾಗಲೇ ಕೊಟ್ಟ ಆರ್ಡರ್‌ಗಳು ಹಳೆಯ ದರದಲ್ಲೇ ನಡೆಯುತ್ತವೆ. ಏಪ್ರಿಲ್ 15ರ ನಂತರ ಹಳೆಯ ನಮೂನೆಯ ಕೊಟೇಶನ್ ಪರಿಗಣಿಸುವುದಿಲ್ಲ.

ಎಲ್ಲರನ್ನೂ ಸಿಸಿಯಲ್ಲಿ ಹಾಕಬೇಡಿ. ಯಾರ್ಯಾರು ಪೈಪೋಟಿಯಲ್ಲಿದ್ದಾರೆ ಎಂದು ಎಲ್ಲರಿಗೂ ತಿಳಿಯುತ್ತದೆ. ಬಿಸಿಸಿ ಸುರಕ್ಷಿತ, ಆದರೆ ಅಂಗಡಿಯ ಹೆಸರಿಲ್ಲದ ಮೇಲನ್ನು ಜಾಹೀರಾತು ಎಂದು ತಳ್ಳಿಬಿಡುತ್ತಾರೆ. ಇಪ್ಪತ್ತು-ಮೂವತ್ತು ಜನಕ್ಕೆ ಒಂದೊಂದಾಗಿ, ಫೈಲಿನ ಹೆಸರಿನಲ್ಲೇ ಅವರ ಕೋಡ್ ಹಾಕಿ ಕಳಿಸುವುದು ಹೆಚ್ಚು ಹೊತ್ತಿನ ಕೆಲಸವೇನಲ್ಲ. ವಾಪಸ್ ಬಂದಾಗ ಯಾರದ್ದು ಎಂದು ಹುಡುಕುವುದೂ ತಪ್ಪುತ್ತದೆ.

ಮಾರ್ಚ್ ಕೊನೆಯ ವಾರ ಮಾತ್ರ ಬೇಡ. ವರ್ಷಾಂತ್ಯದ ಲೆಕ್ಕದಲ್ಲಿ ಮುಳುಗಿದವರು ಮೇಲ್ ತೆರೆಯುವುದೇ ಇಲ್ಲ. ಏಪ್ರಿಲ್ ಮೊದಲ ವಾರ ಕಳಿಸಿ, ಗಡುವಿಗೆ ಎರಡು ದಿನ ಮುಂಚೆ ಉತ್ತರ ಕೊಡದವರಿಗಷ್ಟೇ ನೆನಪೋಲೆ ಹಾಕಿದರೆ, ಜೂನ್‌ನ ಮೊದಲ ಸಿಂಪಡಣೆಗೆ ಬೇಕಾದ ಮೈಲುತುತ್ತದ ಆರ್ಡರ್ ಮೇ ಆರಂಭದಲ್ಲಿ ಹೊರಡುತ್ತದೆ. ಇಷ್ಟಾದರೂ ಕೆಲವರು ಎಕ್ಸೆಲ್ ಪ್ರಿಂಟ್ ತೆಗೆದು, ಪೆನ್ನಿನಲ್ಲಿ ತುಂಬಿ, ವಾಟ್ಸಾಪಿನಲ್ಲಿ ಫೋಟೊ ಕಳಿಸುತ್ತಾರೆ. ಅವರ ಅಂಕಿಗಳನ್ನು ನೀವೇ ಫೈಲಿಗೆ ತುಂಬಿ, ಅದನ್ನು ಅವರ ಮೇಲ್‌ಗೆ ಕಳಿಸಿ "ಸರಿಯಿದೆ" ಎಂಬ ಉತ್ತರ ತರಿಸಿಕೊಂಡ ಮೇಲೆಯೇ ಹೋಲಿಕೆ ಪಟ್ಟಿಗೆ ಸೇರಿಸಿ.